ಬ್ಲೋಡೌನ್ ವಾಲ್ವ್ ಮುಚ್ಚಿದೆ, ನೀರು ಮಾತ್ರ ಹೋಗುತ್ತಲೇ ಇದೆ

ಪ್ರಶ್ನೆ: ಸರ್, ಹಾಸನದ ಕೈಗಾರಿಕಾ ಪ್ರದೇಶದ ತರಕಾರಿ ಫ್ರೀಜಿಂಗ್ ಘಟಕವೊಂದರಲ್ಲಿ ನಾನು ಯುಟಿಲಿಟಿ ಮೇಲ್ವಿಚಾರಕ. ಅಮೋನಿಯಾ ಕಂಡೆನ್ಸರ್‌ಗೆ ಒಂದು ಕೂಲಿಂಗ್ ಟವರ್ ಇದೆ. ಗಂಟೆಗೆ 150 ಘನ ಮೀಟರ್ ನೀರು ಸುತ್ತುತ್ತದೆ, ಹೋಗುವ ಬರುವ ನೀರಿನ ನಡುವೆ 5 ಡಿಗ್ರಿ ವ್ಯತ್ಯಾಸ, ದಿನಕ್ಕೆ ಸುಮಾರು 20 ಗಂಟೆ ಓಡುತ್ತದೆ. ಬೋರ್‌ವೆಲ್ ನೀರು ಹಾಕುತ್ತೇವೆ. ಉಪ್ಪು ಹೆಚ್ಚಿದ ನೀರನ್ನು ಹೊರಬಿಡುವ ಬ್ಲೋಡೌನ್ ದಿನಕ್ಕೆ ಎರಡು ಸಲ, ಒಟ್ಟು 4,000 ಲೀಟರ್ ಮಾತ್ರ, ಡ್ರಮ್ಮಿನಲ್ಲಿ ಅಳೆದಿದ್ದೇವೆ. ಆದರೂ ಟವರಿಗೆ ತುಂಬುವ ಹೊಸ ನೀರನ್ನು ಅಳೆಯುವ ಮೇಕಪ್ ಮೀಟರ್ ದಿನಕ್ಕೆ 46,000 ಲೀಟರ್ ತೋರಿಸುತ್ತದೆ. ಕಂಡೆನ್ಸರ್ ಟ್ಯೂಬಿನಲ್ಲಿ ಸ್ಕೇಲ್ ಕಟ್ಟಿ ಹೆಡ್ ಪ್ರೆಷರ್ 13ರಿಂದ 15 ಕೆ.ಜಿ.ಗೆ ಏರಿದೆ. ಕೆಮಿಕಲ್ ಕೊಡುವವರು ಸೈಕಲ್ ಆರಕ್ಕೆ ಏರಿಸಿ, ನೀರು ಉಳಿಯುತ್ತದೆ ಎನ್ನುತ್ತಾರೆ. ಮಾಲೀಕರು ಬ್ಲೋಡೌನ್ ಇನ್ನೂ ಕಡಿಮೆ ಮಾಡಿ ಎನ್ನುತ್ತಾರೆ. ಸ್ಕೇಲ್ ನೋಡಿದರೆ ನನಗೆ ಹೆಚ್ಚಿಸಬೇಕೆನಿಸುತ್ತದೆ. ಲ್ಯಾಬ್ ವರದಿ ಲಗತ್ತಿಸಿದ್ದೇನೆ. ಯಾರ ಮಾತು ಸರಿ?

ಉತ್ತರ: ಮೂವರದೂ ಅರ್ಧ ಸರಿ. ಆದರೆ ಮೂವರೂ ಬ್ಲೋಡೌನ್ ವಾಲ್ವನ್ನೇ ನೋಡುತ್ತಿದ್ದೀರಿ. ನಿಮ್ಮ ನೀರು ಹೋಗುತ್ತಿರುವುದು ಬೇರೆ ದಾರಿಯಲ್ಲಿ. ನೀವೇ ಕಳುಹಿಸಿದ ಸಂಖ್ಯೆಗಳಿಂದ ಅದನ್ನು ತೋರಿಸುತ್ತೇನೆ.

ಮೊದಲು ಆವಿಯಾಗುವ ನೀರು. ಗಂಟೆಗೆ 150 ಘನ ಮೀಟರ್ ಎಂದರೆ ಒಂದೂವರೆ ಲಕ್ಷ ಕಿಲೋ ನೀರು 5 ಡಿಗ್ರಿ ತಣಿಯುತ್ತಿದೆ. ಬಿಡುವ ಶಾಖ ಏಳೂವರೆ ಲಕ್ಷ ಕಿಲೋಕ್ಯಾಲೊರಿ. ಒಂದು ಕಿಲೋ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಬೇಕು. ಇಡೀ ಶಾಖ ಆವಿಯ ಮೂಲಕವೇ ಹೋಗಿದ್ದರೆ ಗಂಟೆಗೆ ಸುಮಾರು 1,290 ಲೀಟರ್ ಆವಿಯಾಗಬೇಕಿತ್ತು. ಸ್ವಲ್ಪ ಶಾಖ ಗಾಳಿಯನ್ನು ಬರಿದೇ ಬೆಚ್ಚಗಾಗಿಸಲು ಹೋಗುತ್ತದೆ, ಹಾಸನದ ಡಿಸೆಂಬರ್ ಚಳಿಯಲ್ಲಿ ಆ ಪಾಲು ಇನ್ನಷ್ಟು ಹೆಚ್ಚು. ಹೀಗಾಗಿ ವರ್ಷದ ಸರಾಸರಿಗೆ ಗಂಟೆಗೆ 1,150 ಲೀಟರ್ ಎಂದು ಹಿಡಿಯೋಣ. 20 ಗಂಟೆಗೆ 23,000 ಲೀಟರ್.

ಟವರಿನಿಂದ ಬೇರೆ ಏನೂ ಹೋಗದಿದ್ದರೆ ನಿಮ್ಮ ಮೇಕಪ್ 23,000 ಆವಿಗೆ, 4,000 ಬ್ಲೋಡೌನಿಗೆ, ಒಟ್ಟು 27,000 ಲೀಟರ್ ಇರಬೇಕು. ಮೀಟರ್ 46,000 ಎನ್ನುತ್ತಿದೆ. ಮೀಟರ್ ಕೆಟ್ಟಿರಬಹುದು ಎಂದು ನೀವು ಅನುಮಾನಿಸಿದ್ದೀರಿ. ಅದನ್ನು ಬಿಚ್ಚದೆಯೇ ಪರೀಕ್ಷಿಸುವ ಉಪಾಯ ನಿಮ್ಮ ಲ್ಯಾಬ್ ವರದಿಯಲ್ಲೇ ಇದೆ.

ಆವಿಯಾಗಿ ಹೋಗುವ ನೀರು ಉಪ್ಪನ್ನು ಹಿಂದೆಯೇ ಬಿಟ್ಟು ಹೋಗುತ್ತದೆ. ನೀರಾಗಿಯೇ ಹೋಗುವ ನೀರು ತನ್ನ ಪಾಲಿನ ಉಪ್ಪನ್ನು ಹೊತ್ತುಕೊಂಡು ಹೋಗುತ್ತದೆ. ಅದು ಬ್ಲೋಡೌನ್ ವಾಲ್ವಿನಿಂದ ಹೋಯಿತೋ, ಪಂಪಿನ ಗ್ಲ್ಯಾಂಡಿನಿಂದ ಸೋರಿತೋ, ಓವರ್‌ಫ್ಲೋ ಪೈಪಿನಿಂದ ಹರಿಯಿತೋ, ಫ್ಯಾನಿನ ಗಾಳಿಯಲ್ಲಿ ಹನಿಯಾಗಿ ಹಾರಿತೋ, ಉಪ್ಪಿಗೆ ಎಲ್ಲವೂ ಒಂದೇ. ಸಂಪಿನ ನೀರಿನಲ್ಲಿ ಉಪ್ಪು ಮೇಕಪ್ ನೀರಿಗಿಂತ ಎಷ್ಟು ಪಟ್ಟು ಹೆಚ್ಚಿದೆಯೋ ಅದೇ ಸೈಕಲ್. ಮೇಕಪ್ಪನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನೀರಾಗಿ ಹೊರಹೋದ ಒಟ್ಟು ಪ್ರಮಾಣ ಸಿಗುತ್ತದೆ.

ಇದಕ್ಕೆ ಕ್ಲೋರೈಡ್ ಒಳ್ಳೆಯ ಸಾಕ್ಷಿ. ಅದು ಟ್ಯೂಬಿಗೆ ಅಂಟುವುದಿಲ್ಲ, ಗಾಳಿಗೂ ಹಾರುವುದಿಲ್ಲ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಗ್ರಾಂ, ಸಂಪಿನಲ್ಲಿ 120. ಅಂದರೆ ಎರಡು ಸೈಕಲ್. (ಪಾಚಿಗೆಂದು ಹೈಪೋ ಹಾಕುತ್ತೀರಲ್ಲ, ಅದೂ ಕ್ಲೋರೈಡ್ ಸೇರಿಸುತ್ತದೆ. ಆದರೆ ದಿನಕ್ಕೆ ಒಂದು ಲೀಟರ್ ಹೈಪೋ ನಿಮ್ಮ ಸಂಪಿನಲ್ಲಿ ನಾಲ್ಕೈದು ಮಿಲಿಗ್ರಾಂ ಏರಿಸೀತು, ಅಷ್ಟೇ. ಲೆಕ್ಕ ಕೆಡುವುದಿಲ್ಲ.) 46,000 ಅನ್ನು ಎರಡರಿಂದ ಭಾಗಿಸಿದರೆ 23,000 ಲೀಟರ್ ನೀರಾಗಿ ಹೋಗಿದೆ, ಉಳಿದ 23,000 ಆವಿಯಾಗಿದೆ. ಶಾಖದ ಲೆಕ್ಕದಿಂದ ಬಂದ ಆವಿಯೂ 23,000. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಮನೆ ಬಾಗಿಲಿಗೆ ಬಂದಿದ್ದೇವೆ. ಮೀಟರ್ ಸರಿಯಾಗಿದೆ.

ಹಾಗಾದರೆ ಪ್ರತಿದಿನ 23,000 ಲೀಟರ್ ನೀರು ನೀರಾಗಿಯೇ ಹೊರಗೆ ಹೋಗುತ್ತಿದೆ. ವಾಲ್ವಿನ ಲೆಕ್ಕ 4,000. ಉಳಿದ 19,000 ಲೀಟರ್ ಎಲ್ಲಿ?

ಎಲ್ಲರೂ ಮೊದಲು ಬೆರಳು ತೋರಿಸುವುದು ಪಂಪಿನ ಗ್ಲ್ಯಾಂಡಿನ ಕಡೆಗೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆದರೆ ನಿಮಿಷಕ್ಕೆ 60 ಹನಿ ಬಿದ್ದರೂ ದಿನಕ್ಕೆ ನಾಲ್ಕೈದು ಲೀಟರ್ ಆಗುತ್ತದೆ, ಅಷ್ಟೇ. ಗ್ಲ್ಯಾಂಡ್ ಹನಿಯುವುದು ಅದರ ಆರೋಗ್ಯಕ್ಕೂ ಬೇಕು. ಬಿಗಿದು ಒಣಗಿಸಿದರೆ ಶಾಫ್ಟ್ ಸವೆಯುತ್ತದೆ. ಎರಡನೆಯದು ಗಾಳಿಯಲ್ಲಿ ಹಾರುವ ಹನಿ. ಎಲಿಮಿನೇಟರ್ ಹಲಗೆಗಳು ಸರಿಯಿದ್ದರೆ ಅದು ಸುತ್ತುವ ನೀರಿನ ಶೇಕಡಾ 0.02ರಷ್ಟು, ಅಂದರೆ ನಿಮಗೆ ದಿನಕ್ಕೆ 600 ಲೀಟರ್. ಹಲಗೆ ಮುರಿದು ಜಾಗ ಬಿಟ್ಟಿದ್ದರೆ ಹತ್ತು ಪಟ್ಟು ಆಗಬಹುದು. ಆಗ ಟವರಿನ ಗಾಳಿ ಬೀಸುವ ಕಡೆ ನಿಂತರೆ ಕನ್ನಡಕ ಒದ್ದೆಯಾಗುತ್ತದೆ, ಅಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ನೀವು ಅಂಥದ್ದೇನೂ ಬರೆದಿಲ್ಲ.

ನನ್ನ ಅನುಮಾನ ಓವರ್‌ಫ್ಲೋ ಪೈಪಿನ ಮೇಲೆ. ಅದಕ್ಕೆ ಕಾರಣ ನೀವು ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿದ ಒಂದು ಸಾಲು: ಲೋಡ್ ಇಳಿದಾಗಲೂ ಕರೆಂಟ್ ಹೋದಾಗಲೂ ಕಂಪ್ರೆಸರ್ ಜೊತೆ ಪಂಪೂ ನಿಲ್ಲುತ್ತದೆ, ದಿನಕ್ಕೆ ಏಳೆಂಟು ಸಲ.

ಪಂಪ್ ಓಡುತ್ತಿರುವಾಗ ನಿಮ್ಮ ನೀರೆಲ್ಲ ಸಂಪಿನಲ್ಲಿ ಇರುವುದಿಲ್ಲ. ಒಂದು ಪಾಲು ಮೇಲಕ್ಕೆ ಹೋಗುವ ಪೈಪಿನಲ್ಲಿ, ಒಂದು ಪಾಲು ಮೇಲಿನ ತೊಟ್ಟಿಯಲ್ಲಿ, ಒಂದು ಪಾಲು ಟವರಿನೊಳಗೆ ನೀರು ಹರಡಿಕೊಳ್ಳುವ ಫಿಲ್ಲಿನ ಮೇಲೆ ಜಾರುತ್ತಾ ಇರುತ್ತದೆ. ಪಂಪ್ ನಿಂತ ತಕ್ಷಣ ಅಷ್ಟೂ ನೀರು ಕೆಳಗಿಳಿದು ಸಂಪಿಗೆ ಸೇರುತ್ತದೆ. ನಿಮ್ಮಷ್ಟೇ ಗಾತ್ರದ ಟವರ್ ಒಂದರಲ್ಲಿ ನಾನು ಅಳೆದಾಗ ಸಂಪಿನ ಮಟ್ಟ 20 ಸೆಂಟಿಮೀಟರ್ ಏರಿತ್ತು. ನಿಮ್ಮ ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ. ಒಂದು ಸೆಂಟಿಮೀಟರ್ ಏರಿದರೆ 120 ಲೀಟರ್. ಫ್ಲೋಟ್ ವಾಲ್ವನ್ನು ಓವರ್‌ಫ್ಲೋ ಬಾಯಿಗಿಂತ ಐದೇ ಸೆಂಟಿಮೀಟರ್ ಕೆಳಗೆ ಕಟ್ಟಿದ್ದೀರಿ ಎಂದು ಬರೆದಿದ್ದೀರಿ. ನಿಮ್ಮಲ್ಲೂ ಮಟ್ಟ 20 ಸೆಂಟಿಮೀಟರ್ ಏರುತ್ತದೆ ಎಂದುಕೊಂಡರೆ, ಮೊದಲ ಐದು ಒಳಗೆ ನಿಲ್ಲುತ್ತವೆ, ಉಳಿದ ಹದಿನೈದು ಓವರ್‌ಫ್ಲೋದಲ್ಲಿ ಹೋಗುತ್ತವೆ. ಅದು 1,800 ಲೀಟರ್. ಪಂಪ್ ಮತ್ತೆ ಶುರುವಾದಾಗ ಪೈಪು, ತೊಟ್ಟಿಗಳು ತುಂಬಿಕೊಂಡು ಸಂಪಿನ ಮಟ್ಟ ಕುಸಿಯುತ್ತದೆ. ಫ್ಲೋಟ್ ತೆರೆದು ಹೊಸ ಬೋರ್‌ವೆಲ್ ನೀರು ತುಂಬುತ್ತದೆ. ಮುಂದಿನ ಸಲ ನಿಂತಾಗ ಮತ್ತೆ 1,800. ಎಂಟು ಸಲ ನಿಂತರೆ ದಿನಕ್ಕೆ 14,400 ಲೀಟರ್. ಕಾಣೆಯಾದ 19,000ದಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಸಿಕ್ಕಿತು. ಉಳಿದದ್ದು ಹಾರುವ ಹನಿ, ಪೂರ್ತಿ ಮುಚ್ಚದ ಫ್ಲೋಟ್, ಎಲ್ಲೋ ಒಂದು ಸೋರುವ ಫ್ಲ್ಯಾಂಜ್ ಇವುಗಳಲ್ಲಿ ಹಂಚಿಕೊಂಡಿರುತ್ತದೆ.

ಇದು ಯಾರ ಕಣ್ಣಿಗೂ ಬೀಳದಿರಲು ಕಾರಣ, ಓವರ್‌ಫ್ಲೋ ಪೈಪನ್ನು ನೆಲದಡಿಯಲ್ಲೇ ಚರಂಡಿಗೆ ಸೇರಿಸಿಬಿಟ್ಟಿರುತ್ತಾರೆ. ನಾನು ಅಳೆದೆ ಎಂದೆನಲ್ಲ, ಆ ಘಟಕದಲ್ಲೂ ಹಾಗೆಯೇ ಆಗಿತ್ತು. ಮೂರು ದಿನ ಪೈಪುಗಳ ನಕ್ಷೆ ಹಿಡಿದು ಓಡಾಡಿದರೂ ನಮಗೆ ಏನೂ ಸಿಗಲಿಲ್ಲ. ಕೊನೆಗೆ ತೋಟದ ಕೆಲಸದವರೊಬ್ಬರು, ಕಾಂಪೌಂಡಿನ ಹಿಂದೆ ಮಾರ್ಚಿನಲ್ಲೂ ಕೆಸುವಿನ ಗಿಡ ಸೊಂಪಾಗಿದೆ, ಅಲ್ಲಿ ಯಾರು ನೀರು ಹಾಯಿಸುತ್ತಾರೆ ಎಂದು ಕೇಳಿದರು. ಹೋಗಿ ನಿಂತೆವು. ಇಪ್ಪತ್ತು ನಿಮಿಷ ಒಣಗಿದ್ದ ಚರಂಡಿಯಲ್ಲಿ ಒಮ್ಮೆಲೇ ಬೆಚ್ಚನೆಯ ನೀರು ನುಗ್ಗಿ ಬಂತು, ಎರಡು ಮೂರು ನಿಮಿಷ ಹರಿದು ನಿಂತಿತು. ಒಳಗೆ ಪಂಪ್ ಆಗಷ್ಟೇ ನಿಂತಿತ್ತು.

ನಿಮ್ಮಲ್ಲಿ ಇದನ್ನು ಖಚಿತಪಡಿಸಿಕೊಳ್ಳಲು ಅರ್ಧ ದಿನ ಸಾಕು. ಭಾನುವಾರ ಲೋಡ್ ಇಲ್ಲದಾಗ ಮೇಕಪ್ ಮುಚ್ಚಿ, ಫ್ಯಾನ್ ನಿಲ್ಲಿಸಿ, ಪಂಪ್ ಮಾತ್ರ ಓಡಿಸಿ. ಸಂಪಿನ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದು ಗಂಟೆ ಕಾಯಿರಿ. ಮಟ್ಟ ಎಷ್ಟು ಸೆಂಟಿಮೀಟರ್ ಇಳಿಯಿತೋ ಅದನ್ನು 120ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಲೀಟರ್ ಸೋರಿಕೆ ಎಂದು ತಿಳಿಯುತ್ತದೆ. ಅನಂತರ ಫ್ಲೋಟನ್ನು ಎಂದಿನ ಮಟ್ಟಕ್ಕೆ ತಂದು ಪಂಪ್ ನಿಲ್ಲಿಸಿ, ಓವರ್‌ಫ್ಲೋ ಬಾಯಲ್ಲಿ ನೀರು ಇಳಿಯುವುದನ್ನು ಟಾರ್ಚ್ ಹಾಕಿ ನೋಡಿ. ಓವರ್‌ಫ್ಲೋ ಬಾಯಿಗೆ ತಾತ್ಕಾಲಿಕವಾಗಿ ಬಟ್ಟೆಯ ಬೆಣೆ ಹೊಡೆದು, ಪಂಪ್ ನಿಂತಾಗ ಮಟ್ಟ ಎಲ್ಲಿಯವರೆಗೆ ಏರುತ್ತದೆ ಎಂದು ಅಳೆದರೆ ನನ್ನ 20 ಸೆಂಟಿಮೀಟರಿನ ಬದಲು ನಿಮ್ಮದೇ ಸಂಖ್ಯೆ ಸಿಗುತ್ತದೆ. ಬೆಣೆ ತೆಗೆಯಲು ಮರೆಯಬೇಡಿ.

ಈಗ ಸ್ಕೇಲಿನ ವಿಚಾರ. ಎರಡೇ ಸೈಕಲಿನಲ್ಲಿ ಸ್ಕೇಲ್ ಕಟ್ಟುತ್ತಿರುವುದು ನಿಮಗೆ ವಿಚಿತ್ರವಾಗಿ ಕಂಡಿದೆ. ಇದಕ್ಕೂ ಮೂಲ ಅದೇ ಓವರ್‌ಫ್ಲೋ.

ಸ್ಕೇಲ್ ತಡೆಯುವ ಕೆಮಿಕಲ್ ಆವಿಯಾಗುವುದಿಲ್ಲ. ಅದೂ ಉಪ್ಪಿನಂತೆ ಹೊರಹೋಗುವ ನೀರಿನ ಜೊತೆ ಹೋಗುತ್ತದೆ. ಪೂರೈಕೆದಾರರು ಸಂಪಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಇರಬೇಕೆಂದು ಹೇಳಿ, 4,000 ಲೀಟರ್ ಬ್ಲೋಡೌನಿಗೆ ಲೆಕ್ಕ ಹಾಕಿ ದಿನಕ್ಕೆ 400 ಗ್ರಾಂ ಬರೆದುಕೊಟ್ಟಿದ್ದಾರೆ. ಅವರ ಗಣಿತ ಸರಿಯಾಗಿದೆ. ಆದರೆ ನಿಜವಾಗಿ ಹೊರಹೋಗುತ್ತಿರುವುದು 23,000 ಲೀಟರ್. 400 ಗ್ರಾಂ ಅಷ್ಟರಲ್ಲಿ ಹಂಚಿಹೋದರೆ ಲೀಟರಿಗೆ ಉಳಿಯುವುದು 17 ಮಿಲಿಗ್ರಾಂ. ಆರನೇ ಒಂದು ಪಾಲು ಔಷಧ ಕೊಟ್ಟು ರೋಗ ವಾಸಿಯಾಗಲಿಲ್ಲ ಎಂದು ಕೂತಂತಾಗಿದೆ. ನಿಮ್ಮದು ಗಡಸು ನೀರು, ಎರಡು ಸೈಕಲಿಗೂ ಅದಕ್ಕೆ ತಡೆ ಬೇಕು.

ಎಷ್ಟು ಕಟ್ಟುತ್ತಿದೆ ಎಂಬುದನ್ನೂ ಅದೇ ವರದಿ ಹೇಳುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಗಡಸುತನ 150. ಕ್ಲೋರೈಡ್ ಎರಡು ಪಟ್ಟಾಗಿರುವಾಗ ಕ್ಯಾಲ್ಸಿಯಂ ಕೂಡ ಎರಡು ಪಟ್ಟಾಗಿ 300 ಇರಬೇಕಿತ್ತು. ಸಂಪಿನಲ್ಲಿ ಸಿಕ್ಕಿದ್ದು 250. ಲೀಟರಿಗೆ 50 ಮಿಲಿಗ್ರಾಂ ಕಾಣೆ. 23,000 ಲೀಟರಿಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕಿಲೋ 150 ಗ್ರಾಂ ಸುಣ್ಣದ ಪದರ ನಿಮ್ಮ ವ್ಯವಸ್ಥೆಯೊಳಗೆ ಎಲ್ಲೋ ಕೂರುತ್ತಿದೆ. ತಿಂಗಳಿಗೆ ಸುಮಾರು 35 ಕಿಲೋ. ಎಲ್ಲವೂ ಟ್ಯೂಬಿನಲ್ಲೇ ಇರುವುದಿಲ್ಲ, ಫಿಲ್ಲಿನಲ್ಲೂ ಸಂಪಿನ ತಳದಲ್ಲೂ ಇರುತ್ತದೆ. ಆದರೂ ಅತಿ ಬಿಸಿಯಾದ ಜಾಗವನ್ನೇ ಅದು ಮೊದಲು ಹುಡುಕುತ್ತದೆ. ಸ್ನಾನದ ಹಂಡೆಯ ಒಳಗೆ ತಳದಲ್ಲೇ ಬಿಳಿ ಪದರ ದಪ್ಪವಾಗುವುದು ಅದಕ್ಕೇ.

ಪ್ರತಿದಿನ ನೀವು ಬರೆದಿಡುವ ಕಂಡಕ್ಟಿವಿಟಿ ಈ ಕಾರಣಕ್ಕೇ ನಿಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ. ಬೋರ್‌ವೆಲ್ 650, ಸಂಪು 1,200, ಭಾಗಿಸಿದರೆ 1.85. ಕರಗಿದ ಸುಣ್ಣ ಪದರವಾಗಿ ಕೂತಷ್ಟೂ ಕಂಡಕ್ಟಿವಿಟಿ ಇಳಿಯುತ್ತದೆ, ಸೈಕಲ್ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಸ್ಕೇಲ್ ಹೆಚ್ಚಿದಷ್ಟೂ ಮೀಟರ್ ನೆಮ್ಮದಿಯ ಸಂಖ್ಯೆ ತೋರಿಸುತ್ತದೆ. ಹಾಗಾಗಿ ದಿನಕ್ಕೊಮ್ಮೆ ಕಂಡಕ್ಟಿವಿಟಿ ನೋಡಿ, ಆದರೆ ವಾರಕ್ಕೊಮ್ಮೆಯಾದರೂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಎರಡನ್ನೂ ಎರಡೂ ನೀರಿನಲ್ಲಿ ಅಳೆಯಿರಿ. ಬ್ಯೂರೆಟ್ ಇಟ್ಟು ನಿಮ್ಮ ಕ್ವಾಲಿಟಿ ವಿಭಾಗದವರೇ ಅರ್ಧ ಗಂಟೆಯಲ್ಲಿ ಮಾಡಬಲ್ಲರು. ಎರಡರ ಪಟ್ಟುಗಳು ಹತ್ತಿರ ಹತ್ತಿರ ಇದ್ದರೆ ಸುಣ್ಣ ನೀರಿನಲ್ಲೇ ಇದೆ. ಕ್ಯಾಲ್ಸಿಯಂ ಹಿಂದೆ ಬಿದ್ದರೆ ಟ್ಯೂಬಿನಲ್ಲಿದೆ.

ಇನ್ನು ಗುರಿ ಎಷ್ಟಿರಬೇಕು? ಆರು ಎಂದವರ ಮಾತನ್ನು ಇಲ್ಲಿ ತೂಗೋಣ. ಆವಿ 23,000 ಲೀಟರಿಗೆ ಕಟ್ಟುಬಿದ್ದಿದೆ. ಅದನ್ನು ಯಾವ ಕೆಮಿಕಲ್ಲೂ ಇಳಿಸುವುದಿಲ್ಲ. ನೀರಾಗಿ ಹೊರಹೋಗಬೇಕಾದದ್ದು, ಆವಿಯನ್ನು ಸೈಕಲಿಗಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿದಷ್ಟು. ಎರಡು ಸೈಕಲಿಗೆ 23,000, ಮೂರಕ್ಕೆ 11,500, ನಾಲ್ಕಕ್ಕೆ ಸುಮಾರು 7,700, ಆರಕ್ಕೆ 4,600. ಎರಡರಿಂದ ಮೂರಕ್ಕೆ ಏರಿದರೆ ದಿನಕ್ಕೆ 11,500 ಲೀಟರ್ ಉಳಿಯುತ್ತದೆ. ಮೂರರಿಂದ ಆರಕ್ಕೆ ಏರಿದರೆ ಇನ್ನು 6,900 ಲೀಟರ್ ಮಾತ್ರ. ಮೊದಲ ಮೆಟ್ಟಿಲು ದೊಡ್ಡದು, ಮುಂದಿನವು ಸಣ್ಣವಾಗುತ್ತಾ ಹೋಗುತ್ತವೆ. ಅಪಾಯ ಮಾತ್ರ ಹಾಗೆ ಸಣ್ಣದಾಗುವುದಿಲ್ಲ.

ನಿಮ್ಮ ನೀರಿಗೆ ಎರಡು ಮಿತಿಗಳಿವೆ. ಒಂದು ಸಿಲಿಕಾ. ನಮ್ಮ ಕಡೆ ಬೋರ್‌ವೆಲ್ ಇಳಿಯುವುದು ಗಟ್ಟಿ ಬಂಡೆಯ ಸೀಳುಗಳಿಗೆ. ನೀರು ಆ ಕಲ್ಲಿನಿಂದ ಸಿಲಿಕಾ ಕರಗಿಸಿಕೊಂಡು ಬರುತ್ತದೆ. ನಿಮ್ಮ ವರದಿಯಲ್ಲಿ ಲೀಟರಿಗೆ 38 ಮಿಲಿಗ್ರಾಂ ಇದೆ. ಸಂಪಿನಲ್ಲಿ ಅದು 150 ದಾಟಬಾರದು ಎಂಬುದು ರೂಢಿಯ ಮಿತಿ. 150ನ್ನು 38ರಿಂದ ಭಾಗಿಸಿದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಆರು ಸೈಕಲಿಗೆ ಅದು 228 ಆಗುತ್ತದೆ. ಎರಡನೆಯದು ಸುಣ್ಣ. ಕ್ಯಾಲ್ಸಿಯಂ 150, ಕ್ಷಾರೀಯತೆ 220 ಇರುವ ನೀರನ್ನು ಗಟ್ಟಿಯಾಗಿಸಿದಂತೆ ಪಿಎಚ್ ಕೂಡ ತಾನಾಗಿ ಏರುತ್ತದೆ. ಸುಣ್ಣ ಪದರವಾಗಿ ಕೂರುವ ಒಲವನ್ನು ಹೇಳುವ ಲ್ಯಾಂಜಲಿಯರ್ ಸೂಚ್ಯಂಕ ಹಾಕಿ ನೋಡಿದೆ: ಮೂರು ಸೈಕಲಿಗೆ ಸುಮಾರು 2.4, ನಾಲ್ಕಕ್ಕೆ 2.7ರ ಮೇಲೆ. ಮಾಮೂಲಿ ಫಾಸ್ಫೊನೇಟ್ ಮತ್ತು ಪಾಲಿಮರ್ ಮಿಶ್ರಣಗಳನ್ನು ಸುಮಾರು 2.5ರವರೆಗೆ ನೆಚ್ಚಬಹುದು. ಆಮ್ಲ ಸುರಿದು ಪಿಎಚ್ ಇಳಿಸಿದರೆ ಇನ್ನೂ ಮೇಲೆ ಹೋಗಬಹುದು, ಆದರೆ ಆಮ್ಲದ ಡೋಸಿಂಗ್ ಪಂಪ್ ಒಂದು ರಾತ್ರಿ ತಪ್ಪಿದರೆ ಸಾಕು, ಟ್ಯೂಬ್ ತೂತಾಗುತ್ತದೆ. ಆಮೇಲೆ ಅಮೋನಿಯಾ ನೀರಿಗೆ ಬರುತ್ತದೆ. ನಿಮ್ಮ ಗಾತ್ರದ ಘಟಕಕ್ಕೆ ನಾನು ಅದನ್ನು ಹೇಳುವುದಿಲ್ಲ. ಬೋರ್‌ವೆಲ್ ನೀರೊಂದೇ ಇರುವವರೆಗೆ ಮೂರು ಸೈಕಲಿಗೆ ನಿಲ್ಲಿಸಿ.

ಇಲ್ಲಿ ಒಂದು ಎಚ್ಚರಿಕೆ. ಪತ್ರದಲ್ಲಿ ನೀವು ಓದಲೇಬೇಕಾದ ಭಾಗ ಇದೇ. ಓವರ್‌ಫ್ಲೋ ಸರಿಮಾಡಿ, ಬ್ಲೋಡೌನನ್ನು ಮಾತ್ರ ಹಳೆಯ 4,000 ಲೀಟರಿಗೇ ಬಿಟ್ಟಿರಿ ಎಂದಿಟ್ಟುಕೊಳ್ಳಿ. ಹಾರುವ ಹನಿ, ಸಣ್ಣ ಸೋರಿಕೆಗೆ ಒಂದೂವರೆ ಸಾವಿರ ಸೇರಿಸಿದರೆ ಹೊರಹೋಗುವುದು 5,500 ಲೀಟರ್. ಸೈಕಲ್ ಕೆಲವೇ ದಿನಗಳಲ್ಲಿ ಐದನ್ನು ದಾಟುತ್ತದೆ, ಸಿಲಿಕಾ 200ರ ಹತ್ತಿರ ಬರುತ್ತದೆ. ಇಷ್ಟು ದಿನ ನಿಮ್ಮನ್ನು ಸಿಲಿಕಾದಿಂದ ಕಾಪಾಡಿದ್ದು ಆ ಸೋರಿಕೆಯೇ. ಸುಣ್ಣದ ಪದರವನ್ನು ಆಮ್ಲದಲ್ಲಿ ತೊಳೆದು ತೆಗೆಯಬಹುದು. ಸಿಲಿಕಾ ಪದರ ಗಾಜಿನಂತೆ. ಅದಕ್ಕೆ ಫ್ಲೋರೈಡ್ ಇರುವ ಅಪಾಯಕಾರಿ ಆಮ್ಲ ಬೇಕಾಗುತ್ತದೆ, ಇಲ್ಲವೇ ಟ್ಯೂಬನ್ನೇ ಬದಲಿಸಬೇಕು. ಆದ್ದರಿಂದ ಓವರ್‌ಫ್ಲೋ ನಿಲ್ಲಿಸಿದ ದಿನವೇ ಬ್ಲೋಡೌನ್ ವಾಲ್ವನ್ನು ಹೆಚ್ಚು ತೆರೆಯಬೇಕು: ದಿನಕ್ಕೆ 4,000 ಇದ್ದದ್ದು 10,000 ಲೀಟರ್. ಮಾಲೀಕರಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು. ಬ್ಲೋಡೌನ್ ಎರಡೂವರೆ ಪಟ್ಟು ಮಾಡಿದೆವು, ಮೇಕಪ್ 46,000ದಿಂದ 34,500ಕ್ಕೆ ಇಳಿಯಿತು ಎಂದರೆ ಯಾರೂ ಒಮ್ಮೆಗೇ ನಂಬುವುದಿಲ್ಲ. ತಿಂಗಳ ಮೀಟರ್ ಓದು ಮುಂದಿಟ್ಟು ಮಾತಾಡಿ.

ಕೆಮಿಕಲ್ ಕೂಡ ಅಂದಿನಿಂದಲೇ 11,500 ಲೀಟರಿಗೆ ಲೆಕ್ಕ ಹಾಕಬೇಕು: ದಿನಕ್ಕೆ 1,150 ಗ್ರಾಂ. ಪೂರೈಕೆದಾರರಿಗೆ ಇದು ಸಂತೋಷದ ಸುದ್ದಿ. ಅದರ ಬದಲಿಗೆ ಪ್ರತಿ ಭೇಟಿಯಲ್ಲಿ ಸಂಪಿನ ನೀರಿನಲ್ಲಿ ಕೆಮಿಕಲ್ ಎಷ್ಟು ಉಳಿದಿದೆ ಎಂದು ಅಳೆದು ಬರೆದುಕೊಡಲು ಕೇಳಿ. ಆ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ 100 ಇರಬೇಕಾದಲ್ಲಿ 17 ಸಿಕ್ಕು, ಈ ಪತ್ರವೇ ಬೇಕಾಗುತ್ತಿರಲಿಲ್ಲ.

ಓವರ್‌ಫ್ಲೋ ನಿಲ್ಲಿಸುವ ಕೆಲಸ ಸರಳ. ಫ್ಲೋಟನ್ನು ಪಂಪ್ ಓಡುತ್ತಿರುವಾಗ ಹೊಂದಿಸಬೇಕು, ನೀರಿನ ಮಟ್ಟದಿಂದ ಓವರ್‌ಫ್ಲೋ ಬಾಯಿಗೆ 25 ಸೆಂಟಿಮೀಟರ್ ಜಾಗ ಬಿಟ್ಟು. ಆಗ ಪಂಪ್ ನಿಂತಾಗ ಇಳಿಯುವ ನೀರು ಆ ಜಾಗದಲ್ಲಿ ಕೂತು, ಶುರುವಾದಾಗ ಮತ್ತೆ ಮೇಲೇರುತ್ತದೆ. ಫ್ಲೋಟ್ ಬಾಯಿ ತೆರೆಯುವುದೇ ಇಲ್ಲ. ನೋಡಿಕೊಳ್ಳಬೇಕಾದದ್ದು ಒಂದೇ: ಮಟ್ಟ ಇಳಿಸಿದ ಮೇಲೆ ಪಂಪಿನ ಸಕ್ಷನ್ ಬಾಯಿಯ ಮೇಲೆ ನೀರು ಸಾಕಷ್ಟಿರಬೇಕು. ಸಂಪಿನಲ್ಲಿ ಸುಳಿ ಎದ್ದು ಪಂಪ್ ಗೊರಗೊರ ಎಂದರೆ ಗಾಳಿ ಎಳೆಯುತ್ತಿದೆ ಎಂದರ್ಥ. ಸಂಪು ಅಷ್ಟು ಆಳವಿಲ್ಲದಿದ್ದರೆ ಓವರ್‌ಫ್ಲೋ ಬಾಯನ್ನೇ ಒಂದು ಮೊಳಕೈ ಹಾಕಿ ಮೇಲೇರಿಸಬಹುದು, ಗೋಡೆಯ ಎತ್ತರ ಬಿಟ್ಟಷ್ಟು. ಪಂಪಿನ ಮುಂದಿನ ನಾನ್‌ರಿಟರ್ನ್ ವಾಲ್ವ್ ಸರಿಯಾಗಿ ಮುಚ್ಚುತ್ತಿದ್ದರೆ ಪೈಪಿನ ನೀರು ಪೈಪಿನಲ್ಲೇ ನಿಲ್ಲುತ್ತದೆ, ತೊಟ್ಟಿ ಮತ್ತು ಫಿಲ್ಲಿನದು ಮಾತ್ರ ಇಳಿಯುತ್ತದೆ. ಅದನ್ನೂ ಒಮ್ಮೆ ಬಿಚ್ಚಿ ನೋಡಿ.

ಬ್ಲೋಡೌನನ್ನು ದಿನಕ್ಕೆ ಎರಡು ಸಲ ಕೈಯಿಂದ ತಿರುಗಿಸುವ ಬದಲು ಕಂಡಕ್ಟಿವಿಟಿ ನೋಡಿ ತಾನೇ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಹಾಕಿಸಿ. 650ರ ಮೂರು ಪಟ್ಟು 1,950. 1,900ಕ್ಕೆ ತೆರೆದು 1,850ಕ್ಕೆ ಮುಚ್ಚುವಂತೆ ಇಡಿ. ಕಂಡೆನ್ಸರಿನಿಂದ ಟವರಿಗೆ ಹಿಂದಿರುಗುವ ಬಿಸಿ ಪೈಪಿನಿಂದ ತೆಗೆದರೆ, ತಣಿಸಿದ ನೀರನ್ನು ಚೆಲ್ಲಿದಂತಾಗುವುದಿಲ್ಲ. ಹೈಪೋ ಹಾಕಿದ ಮೇಲೆ ಕೆಲವು ಗಂಟೆ ಬ್ಲೋಡೌನ್ ತಡೆಹಿಡಿಯಿರಿ, ಅದು ಕೆಲಸ ಮಾಡುವ ಮೊದಲೇ ಹರಿದುಹೋಗಬಾರದು. ಹೊರಗೆ ಬಿಡುವ ನೀರು ಎಲ್ಲಿಗೆ ಹೋಗಬೇಕು, ಅದರಲ್ಲಿ ಕರಗಿದ ಘನವಸ್ತು ಎಷ್ಟಿರಬಹುದು ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿದೆ. ಕೆಮಿಕಲ್ ಬೆರೆತ ನೀರು ಮಳೆಚರಂಡಿಗೆ ಹೋಗುವುದು ಸರಿಯಲ್ಲ. ನಿಮ್ಮ ಓವರ್‌ಫ್ಲೋ ಇಷ್ಟು ದಿನ ಅಲ್ಲಿಗೇ ಹೋಗಿರುವ ಸಾಧ್ಯತೆ ಹೆಚ್ಚು.

ಹೆಡ್ ಪ್ರೆಷರ್ ಬಗ್ಗೆ. 13 ಕೆ.ಜಿ.ಯಿಂದ 15 ಎಂದರೆ ಅಮೋನಿಯಾ ಸುಮಾರು 5 ಡಿಗ್ರಿ ಹೆಚ್ಚು ಬಿಸಿಯಲ್ಲಿ ದ್ರವವಾಗುತ್ತಿದೆ. ಪ್ರತಿ ಡಿಗ್ರಿಗೆ ಕಂಪ್ರೆಸರ್ ವಿದ್ಯುತ್ ಶೇಕಡಾ 2ರಿಂದ 3ರಷ್ಟು ಏರುತ್ತದೆ, ನೀರಿಗಿಂತ ದೊಡ್ಡ ನಷ್ಟ ಅದೇ. ಆದರೆ ಎಲ್ಲ ತಪ್ಪನ್ನೂ ಸ್ಕೇಲ್ ಮೇಲೆ ಹೊರಿಸುವ ಮೊದಲು ಅಮೋನಿಯಾ ಕಡೆ ಗಾಳಿ ಸೇರಿಕೊಂಡಿದೆಯೇ ಎಂದು ಪರ್ಜ್ ಮಾಡಿ ನೋಡಿ. ಆಮೇಲೆ ಕಂಡೆನ್ಸರಿನ ತುದಿಯ ಮುಚ್ಚಳ ತೆರೆದು ಪದರದ ಒಂದು ಚೂರನ್ನು ಕೆರೆದು ತೆಗೆದು, ಅದರ ಮೇಲೆ ತೆಳು ಆಮ್ಲದ ಎರಡು ಹನಿ ಬಿಡಿ. ಚುರ್ ಎಂದು ನೊರೆ ಎದ್ದು ಕರಗಿದರೆ ಸುಣ್ಣ; ನಿಮ್ಮ ಲೆಕ್ಕ ನೋಡಿದರೆ ಹಾಗೆಯೇ ಆಗಬೇಕು. ತುಕ್ಕು ತಡೆಯುವ ದ್ರವ್ಯ ಬೆರೆಸಿದ ಸಲ್ಫಾಮಿಕ್ ಆಮ್ಲದ ತೆಳು ದ್ರಾವಣವನ್ನು ಸುತ್ತಿಸಿ ತೊಳೆಯುವುದನ್ನು ಅನುಭವಿಗಳಿಂದಲೇ ಮಾಡಿಸಿ. ಅದೂ ಓವರ್‌ಫ್ಲೋ ಮತ್ತು ಡೋಸಿಂಗ್ ಸರಿಮಾಡಿದ ಮೇಲೆ. ಮೊದಲೇ ತೊಳೆದರೆ ಮತ್ತೆ ದಿನಕ್ಕೊಂದು ಕಿಲೋ ಕೂರಲು ಶುರುವಾಗುತ್ತದೆ.

ಆರು ಸೈಕಲ್ ಬೇಕೇ ಬೇಕು ಎನ್ನುವವರಿಗೆ ಒಂದು ದಾರಿ ನಿಮ್ಮ ತಲೆಯ ಮೇಲೆಯೇ ಇದೆ. ಮಿತಿ ಇರುವುದು ಸಂಪಿನ ಸಿಲಿಕಾ, ಸುಣ್ಣಗಳಿಗೆ. ಮಳೆನೀರಿನಲ್ಲಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಮಳೆನೀರು, ಅರ್ಧ ಬೋರ್‌ವೆಲ್ ಬೆರೆಸಿದರೆ ಮೇಕಪ್ಪಿನ ಸಿಲಿಕಾ 19, ಕ್ಯಾಲ್ಸಿಯಂ 75. ಇದನ್ನು ಆರು ಸೈಕಲಿಗೆ ಓಡಿಸಿದರೂ ಸಂಪಿನಲ್ಲಿ ಸಿಗುವುದು ಬೋರ್‌ವೆಲ್ ನೀರಿನ ಮೂರು ಸೈಕಲಿನ ಮಟ್ಟವೇ, ಕಂಡಕ್ಟಿವಿಟಿ ಸೆಟ್ಟಿಂಗನ್ನೂ ಬದಲಿಸಬೇಕಾಗಿಲ್ಲ. ಆಗ ದಿನದ ಮೇಕಪ್ 27,600 ಲೀಟರ್, ಅದರಲ್ಲಿ ಮಳೆನೀರು 13,800. ನಿಮ್ಮ ಶೆಡ್ಡಿನ ತಗಡು ಚಾವಣಿ 2,000 ಚದರ ಮೀಟರ್ ಎಂದಿದ್ದೀರಿ. 10 ಮಿಲಿಮೀಟರ್ ಮಳೆ ಬಿದ್ದ ದಿನ, ಐದನೇ ಒಂದು ಪಾಲು ಪೋಲಾದರೂ 16,000 ಲೀಟರ್ ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಾಸನದಲ್ಲಿ ಅಂಥ ದಿನಗಳಿಗೆ ಬರವಿಲ್ಲ. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಒಂದು ಮರಳು ಸೋಸುಗ ಹಾಕಿ, ಮೂವತ್ತು ಸಾವಿರ ಲೀಟರಿನ ತೊಟ್ಟಿಗೆ ತಿರುಗಿಸಿದರೆ ಆ ದಿನಗಳಲ್ಲಿ ಬೋರ್‌ವೆಲ್ಲಿನಿಂದ ಎತ್ತುವ ನೀರು ಈಗಿನ 46,000ದ ಬದಲು 13,800 ಲೀಟರ್ ಆಗುತ್ತದೆ. ಮಳೆ ನಿಂತು ತೊಟ್ಟಿ ಖಾಲಿಯಾದಾಗ ಸೈಕಲ್ ತಾನಾಗಿ ಮೂರಕ್ಕೆ ಇಳಿಯುತ್ತದೆ, ಏಕೆಂದರೆ ವಾಲ್ವ್ ನೋಡುವುದು 1,900ನ್ನು ಮಾತ್ರ. ಕೆಮಿಕಲ್ ಡೋಸಿಂಗ್ ಮಾತ್ರ ಹಾಗೆ ತಾನಾಗಿ ಬದಲಾಗುವುದಿಲ್ಲ. ಬ್ಲೋಡೌನ್ ಪೈಪಿಗೊಂದು ಮೀಟರ್ ಕೂರಿಸಿ, ಅದರ ಓದಿಗೆ ತಕ್ಕಂತೆ ಹಾಕಿ.

ಭಾನುವಾರದ ಪರೀಕ್ಷೆಯಲ್ಲಿ ಪಂಪ್ ನಿಂತಾಗ ಮಟ್ಟ ಎಷ್ಟು ಏರಿತು, ಮೇಕಪ್ ಮುಚ್ಚಿದಾಗ ಗಂಟೆಗೆ ಎಷ್ಟು ಇಳಿಯಿತು, ಈ ಎರಡು ಸಂಖ್ಯೆ ಬರೆದು ಕಳುಹಿಸಿ. ಉಳಿದ ನಾಲ್ಕೈದು ಸಾವಿರ ಲೀಟರ್ ಎಲ್ಲಿ ಹೋಗುತ್ತಿದೆ ಎಂಬುದನ್ನು ಅದರಿಂದ ಹುಡುಕೋಣ.